ಐದು ಒತ್ತಡಗಳ ನಡುವೆ ಹತ್ತು ಬೇಸಿನ್



ತರಗತಿಯಲ್ಲಿ ಓದುವ ಪಾಠವನ್ನು ಈ ಸೀಮೆಯ ಯಾವುದಾದರೂ ಒಂದು ಕಸುಬಿನ ಪಕ್ಕದಲ್ಲಿಟ್ಟು ಮಾತಾಡಬೇಕೆಂಬುದು ಈ ಉಪನ್ಯಾಸಕ್ಕೆ ದತ್ತಿ ಇಟ್ಟ ಕುಟುಂಬದವರ ಆಸೆ. ಹಾಗಾಗಿ ಸ್ಟ್ರಾಟೆಜಿ ಪುಸ್ತಕದ ಒಂದೇ ಒಂದು ಅಧ್ಯಾಯವನ್ನು ತೆಗೆದುಕೊಂಡಿದ್ದೇನೆ. ಕಸುಬನ್ನು ಹುಡುಕಲು ಕನಕಪುರದಲ್ಲಿ ದೂರ ಹೋಗಬೇಕಿಲ್ಲ. ರೇಷ್ಮೆ ಗೂಡಿನಿಂದ ನೂಲು ಬಿಚ್ಚುವ ಒಂದು ಸಣ್ಣ ಫಿಲೇಚರ್, ಹತ್ತು ಬೇಸಿನ್ನಿನದು, ನನ್ನ ಇಂದಿನ ವಿಷಯ.

ಅಧ್ಯಾಯ ನಿಮಗೆಲ್ಲ ಗೊತ್ತಿರುವುದೇ. ಹಾರ್ವರ್ಡ್ ಬಿಸಿನೆಸ್ ಸ್ಕೂಲಿನ ಮೈಕೆಲ್ ಪೋರ್ಟರ್ 1979ರಲ್ಲಿ ಬರೆದ ಲೇಖನ, 1980ರಲ್ಲಿ ಪುಸ್ತಕವಾಗಿ ಬೆಳೆದ ಅವರ ‘ಫೈವ್ ಫೋರ್ಸಸ್’. ಒಂದು ಉದ್ದಿಮೆಯಲ್ಲಿ ಲಾಭ ಎಷ್ಟು ಉಳಿಯುತ್ತದೆ ಎಂಬುದನ್ನು ಅಲ್ಲಿರುವವರ ಜಾಣತನವಷ್ಟೇ ತೀರ್ಮಾನಿಸುವುದಿಲ್ಲ, ಅವರ ಸುತ್ತಲಿನ ಐದು ಒತ್ತಡಗಳೂ ತೀರ್ಮಾನಿಸುತ್ತವೆ ಎಂಬುದು ಅದರ ತಿರುಳು. ಕಚ್ಚಾಮಾಲು ಮಾರುವವರು, ಸರಕು ಕೊಳ್ಳುವವರು, ಜತೆಯ ಪೈಪೋಟಿದಾರರು, ಹೊಸದಾಗಿ ಒಳಗೆ ಬರುವವರು, ಬದಲಿ ಸರಕು. ನಮ್ಮ ವಿದ್ಯಾರ್ಥಿಗಳು ಪ್ರಾಜೆಕ್ಟ್ ವರದಿಯಲ್ಲಿ ಐದು ಡಬ್ಬಿ ಬರೆದು ಒಂದೊಂದರ ಮುಂದೆ ಹೆಚ್ಚು, ಮಧ್ಯಮ, ಕಡಿಮೆ ಎಂದು ತುಂಬಿ ಮುಗಿಸಿಬಿಡುತ್ತಾರೆ. 2008ರಲ್ಲಿ ಅದೇ ಲೇಖನವನ್ನು ತಿದ್ದಿ ಬರೆದಾಗ ಪೋರ್ಟರ್ ಅವರೇ ಇಂಥ ಪಟ್ಟಿ ಮಾಡುವ ಅಭ್ಯಾಸವನ್ನು ಆಕ್ಷೇಪಿಸಿದ್ದಾರೆ. ಪಟ್ಟಿ ಬಿಟ್ಟು, ದುಡ್ಡು ಎಲ್ಲಿಂದ ಬಂದು ಎಲ್ಲಿ ಸೋರುತ್ತದೆ ಎಂದು ನೋಡುವುದು ಇವತ್ತಿನ ಪ್ರಯತ್ನ.

ಮೊದಲು ಲೆಕ್ಕ. ಬೆಲೆಗಳನ್ನು ದುಂಡಾಗಿ ಇಟ್ಟುಕೊಂಡಿದ್ದೇನೆ. ಗೂಡಿನ ದರ ದಿನದಿನಕ್ಕೆ ಬದಲಾಗುವುದರಿಂದ ಅದನ್ನು ಇವತ್ತಿನ ಮಾರುಕಟ್ಟೆ ದರವೆಂದು ಯಾರೂ ತಿಳಿಯಬಾರದು. ಹತ್ತು ಬೇಸಿನ್ನಿನ ಫಿಲೇಚರ್ ಒಂದು ದಿನಕ್ಕೆ ಸುಮಾರು 64 ಕೆ.ಜಿ. ಮಿಶ್ರತಳಿ ಗೂಡನ್ನು ಬಿಚ್ಚುತ್ತದೆ ಎನ್ನೋಣ. ಒಂದು ಕೆ.ಜಿ. ನೂಲಿಗೆ ಎಷ್ಟು ಕೆ.ಜಿ. ಗೂಡು ಬೇಕೋ ಅದಕ್ಕೆ ರೆಂಡಿಟ್ಟ ಎನ್ನುತ್ತಾರೆ. ಮಿಶ್ರತಳಿಯಲ್ಲಿ ಎಂಟರ ಆಸುಪಾಸು. ಅಂದರೆ ದಿನಕ್ಕೆ 8 ಕೆ.ಜಿ. ನೂಲು. ಗೂಡಿನ ಬೆಲೆ ಕೆ.ಜಿ.ಗೆ 500 ರೂಪಾಯಿ ಆದರೆ ಒಂದು ಕೆ.ಜಿ. ನೂಲಿನೊಳಗೆ ಗೂಡಿನ ದುಡ್ಡೇ 4,000. ಕೂಲಿ, ಸೌದೆ, ಕರೆಂಟು, ಮಾರುಕಟ್ಟೆ ಶುಲ್ಕ ಎಲ್ಲ ಸೇರಿ 550. ನೂಲು 4,500ಕ್ಕೆ ಹೋಯಿತು, ಸತ್ತ ಹುಳು ಮತ್ತು ವೇಸ್ಟು ಮಾರಿ 150 ಬಂತು. ಉಳಿದದ್ದು ಕೆ.ಜಿ.ಗೆ 100 ರೂಪಾಯಿ, ದಿನಕ್ಕೆ 800.

ಖರ್ಚಿನ 4,550 ರೂಪಾಯಿಯಲ್ಲಿ ನೂರಕ್ಕೆ 88 ಪಾಲು ಗೂಡಿಗೇ ಹೋಗಿದೆ. ಮಾಲೀಕರ ಕೈಯಲ್ಲಿ ಆಡುವುದು ಮಿಕ್ಕ ಹನ್ನೆರಡು ಪಾಲು ಮಾತ್ರ. ಹಾಗಾಗಿ ಇದನ್ನು ನೂಲಿನ ವ್ಯಾಪಾರ ಅನ್ನುವುದಕ್ಕಿಂತ ಎರಡು ಬೆಲೆಗಳ ನಡುವಿನ ಸಂದಿಯಲ್ಲಿ ಬದುಕುವ ಕೆಲಸ ಅನ್ನುವುದು ಸರಿ. ಗೂಡಿನ ಬೆಲೆಯನ್ನು ಅವರು ತೀರ್ಮಾನಿಸುವುದಿಲ್ಲ, ನೂಲಿನ ಬೆಲೆಯನ್ನೂ ತೀರ್ಮಾನಿಸುವುದಿಲ್ಲ.

ಈಗ ಗೂಡು ಮಾರುವ ರೈತನ ಕಡೆಗೆ ಬರೋಣ. ಪುಸ್ತಕದ ಪ್ರಕಾರ ಸಾವಿರಾರು ಸಣ್ಣ ಸರಬರಾಜುದಾರರು, ಸಂಘಟನೆಯಿಲ್ಲ, ಸರಕು ಕೆಡುವಂಥದ್ದು. ಹಾಗಾದರೆ ಅವರ ಬಲ ಕಡಿಮೆ. ಕೆಡುವಂಥದ್ದು ಎನ್ನುವುದು ನಿಜ. ಹುಳು ಗೂಡು ಕಟ್ಟಲು ತೊಡಗಿದ ಐದಾರು ದಿನಕ್ಕೆ ರೈತ ಚಂದ್ರಿಕೆಯಿಂದ ಗೂಡು ಬಿಡಿಸುತ್ತಾನೆ. ಹನ್ನೊಂದು ಹನ್ನೆರಡನೆಯ ದಿನದ ಹೊತ್ತಿಗೆ ಒಳಗಿನ ಹುಳು ಚಿಟ್ಟೆಯಾಗಿ ಗೂಡನ್ನು ತೂತು ಮಾಡಿಕೊಂಡು ಹೊರಬರುತ್ತದೆ. ಎಳೆ ತುಂಡಾದ ಆ ಗೂಡು ಆಮೇಲೆ ಬೇಸಿನ್ನಿಗೆ ಬರುವುದಿಲ್ಲ. ಅಷ್ಟರೊಳಗೆ ಮಾರಿ, ಆವಿಗೋ ಬಿಸಿಗಾಳಿಗೋ ಒಡ್ಡಿ ಹುಳುವನ್ನು ಸಾಯಿಸಿ ಒಣಗಿಸಬೇಕು. ಮಾರುಕಟ್ಟೆಗೆ ತಂದ ಗೂಡನ್ನು ರೈತ ವಾರಗಟ್ಟಲೆ ಇಟ್ಟುಕೊಂಡು ಬೆಲೆಗೆ ಕಾಯುವಂತಿಲ್ಲ.

ಆದರೆ ಆತುರ ರೀಲರ್‌ಗೂ ಇದೆ. ಬೇಸಿನ್ ಮುಂದೆ ಕೂರುವ ಹೆಂಗಸರು ಬೆಳಿಗ್ಗೆ ಬಂದುಬಿಟ್ಟಿರುತ್ತಾರೆ. ಇವತ್ತು ಲಾಟ್ ಸಿಗದಿದ್ದರೆ ನಾಳೆ ಒಲೆ ಉರಿಯುವುದಿಲ್ಲ, ಕೆಲಸಗಾರರು ಪಕ್ಕದ ಬೀದಿಯ ಫಿಲೇಚರಿಗೆ ಹೋಗುತ್ತಾರೆ. ಇಬ್ಬರ ಆತುರದಲ್ಲಿ ಯಾರದು ಹೆಚ್ಚು ಎಂಬುದನ್ನು ಆ ದಿನದ ಆವಕ ತೀರ್ಮಾನಿಸುತ್ತದೆ. ಮಾರುಕಟ್ಟೆಗೆ ಗೂಡು ತುಂಬಿ ಬಂದ ದಿನ ರೈತ ಸೋಲುತ್ತಾನೆ. ಹಬ್ಬದ ಮರುದಿನವೋ, ಬೇಸಿಗೆಯಲ್ಲಿ ಸೊಪ್ಪು ಕಡಿಮೆಯಾಗಿ ಬೆಳೆ ಕುಗ್ಗಿದಾಗಲೋ ಅದೇ ರೈತ ಮೊದಲ ಬಿಡ್ ಒಪ್ಪದೆ ಎರಡನೆಯ ಸುತ್ತಿಗೆ ಕಾಯುತ್ತಾನೆ. ಹರಾಜಿನಲ್ಲಿ ಬಂದ ಬೆಲೆ ಒಪ್ಪಿಗೆಯಾಗದಿದ್ದರೆ ಬೇಡ ಎನ್ನುವ ಹಕ್ಕು ಅವನಿಗಿದೆ. ಕನಕಪುರದ ದರ ಸಾಲದು ಅನ್ನಿಸಿದರೆ ಮುಂದಿನ ಬೆಳೆಯನ್ನು ಟೆಂಪೋಗೆ ಹಾಕಿ ರಾಮನಗರದ ದೊಡ್ಡ ಮಾರುಕಟ್ಟೆಗೆ ಒಯ್ಯಬಲ್ಲ.

ಪ್ರಾಜೆಕ್ಟ್ ವರದಿಯ ಡಬ್ಬಿಯಲ್ಲಿ ‘ಸರಬರಾಜುದಾರರ ಬಲ: ಕಡಿಮೆ’ ಎಂದು ಬರೆದರೆ ಅದು ವರ್ಷದ ಸರಾಸರಿ. ರೀಲರ್ ಬದುಕುವುದು ಆಯಾ ದಿನದ ಆವಕದ ಮೇಲೆ. ಚೌಕಟ್ಟಿನ ಮೊದಲ ಕೊರತೆ ನನಗೆ ಕಾಣುವುದು ಇಲ್ಲಿ. ಅದು ಉದ್ದಿಮೆಯ ರಚನೆಯನ್ನು ಹೇಳುತ್ತದೆ, ರಚನೆ ನಿಧಾನವಾಗಿ ಬದಲಾಗುವ ಸಂಗತಿ. ಗೋದಾಮಿನಲ್ಲಿ ಎರಡು ತಿಂಗಳ ಒಣಗೂಡು ಇಟ್ಟುಕೊಂಡ ದೊಡ್ಡ ಘಟಕಕ್ಕೆ ಸರಾಸರಿಯೇ ಸಾಕು. ಬಿಸಿಗಾಳಿ ಡ್ರೈಯರ್ ಇಲ್ಲದ, ಇವತ್ತು ಕೊಂಡದ್ದನ್ನು ಎರಡು ಮೂರು ದಿನದಲ್ಲಿ ಬಿಚ್ಚಲೇಬೇಕಾದ ಸಣ್ಣ ಘಟಕಕ್ಕೆ ಸರಾಸರಿಯಿಂದ ಏನೂ ಪ್ರಯೋಜನವಿಲ್ಲ.

ಹರಾಜು ಕಟ್ಟೆಯ ಮೇಲೆ ರೀಲರ್ ಏನು ಮಾಡುತ್ತಾರೆಂದು ಹತ್ತಿರದಿಂದ ನೋಡಿ. ರೈತ ಸುರಿದ ರಾಶಿಗೆ ಕೈ ತಳದವರೆಗೆ ಹಾಕಿ ಒಂದು ಹಿಡಿ ಎತ್ತುತ್ತಾರೆ. ಮೇಲೆ ಒಳ್ಳೆಯದು, ಕೆಳಗೆ ತೆಳುಗೂಡು ಇರಬಹುದು. ಬೆರಳಲ್ಲಿ ಒತ್ತಿ ಗಟ್ಟಿ ಎಷ್ಟಿದೆ ನೋಡುತ್ತಾರೆ. ಕಿವಿಯ ಹತ್ತಿರ ಆಡಿಸುತ್ತಾರೆ. ಒಳಗೆ ಹುಳು ಕಟಕಟ ಅಂದರೆ ಚೆನ್ನಾಗಿ ಬಲಿತಿದೆ. ಸದ್ದಿಲ್ಲದಿದ್ದರೆ ಎಳೆಯದು, ಇಲ್ಲವೇ ಸತ್ತು ಗೋಡೆಗೆ ಅಂಟಿಕೊಂಡಿದೆ. ಎರಡು ಹುಳು ಸೇರಿ ಕಟ್ಟಿದ ಜೋಡಿಗೂಡು, ಕಲೆ ಬಿದ್ದದ್ದು, ಊಜಿ ನೊಣದ ತೂತು ಇವನ್ನು ಕಣ್ಣಿನಲ್ಲೇ ಎಣಿಸುತ್ತಾರೆ. ಕೆಲವೇ ನಿಮಿಷದಲ್ಲಿ ಅವರು ಮಾಡುತ್ತಿರುವುದು ಒಂದೇ ಅಂದಾಜು: ಈ ಲಾಟಿನ ರೆಂಡಿಟ್ಟ ಎಷ್ಟು ಬಂದೀತು?

ಆ ಅಂದಾಜಿನ ಬೆಲೆ ನಮ್ಮ ಲೆಕ್ಕದಲ್ಲಿ ಎಷ್ಟು ಗೊತ್ತೆ? ಎಂಟು ಬರುತ್ತದೆಂದು ಕೊಂಡ ಗೂಡು ಎಂಟೂವರೆ ಬಂದರೆ ಒಂದು ಕೆ.ಜಿ. ನೂಲಿಗೆ ಗೂಡಿನ ಖರ್ಚು 4,000ದಿಂದ 4,250ಕ್ಕೆ ಏರುತ್ತದೆ. ನೂರು ರೂಪಾಯಿ ಲಾಭದ ಬದಲು ನೂರೈವತ್ತು ನಷ್ಟ. 8.2ಕ್ಕೆ ಬಂದಾಗಲೇ ಲಾಭ ಸೊನ್ನೆ. ಚೆನ್ನಾಗಿ ಕಾಣುವ ಗೂಡೂ ಈ ಮೋಸ ಮಾಡುತ್ತದೆ. ಹುಳು ಗೂಡು ಕಟ್ಟುವ ದಿನಗಳಲ್ಲಿ ಮಳೆ ಹಿಡಿದು ಹುಳುಮನೆಯಲ್ಲಿ ತೇವ ಕೂತರೆ ಎಳೆಯ ಅಂಟು ಬಿಗಿದುಕೊಳ್ಳುತ್ತದೆ. ಬಿಸಿನೀರಿಗೆ ಹಾಕಿದಾಗ ಎಳೆ ಸಲೀಸಾಗಿ ಬಿಡದೆ ಪದೇ ಪದೇ ಕಡಿಯುತ್ತದೆ, ನೂಲಾಗಬೇಕಾದದ್ದು ವೇಸ್ಟಾಗುತ್ತದೆ. ಒಬ್ಬ ರೀಲರ್ ಹೇಳಿದ ಮಾತು ನನ್ನ ನೆನಪಿನಲ್ಲಿದೆ: “ಗೂಡು ನೋಡೋಕೆ ಚೆನ್ನಾಗೇ ಇತ್ತು ಸಾರ್, ಬೇಸಿನ್‌ಗೆ ಹಾಕಿದ್ಮೇಲೆ ಅದರ ಬಣ್ಣ ಗೊತ್ತಾಗಿದ್ದು.”

ಒಂದೇ ಬೀದಿಯಲ್ಲಿ, ಒಂದೇ ಮಾರುಕಟ್ಟೆಯಲ್ಲಿ ಕೊಂಡು, ಒಂದೇ ವ್ಯಾಪಾರಿಗೆ ಮಾರುವ ಎರಡು ಫಿಲೇಚರ್‌ಗಳಲ್ಲಿ ಒಂದು ನಡೆಯುತ್ತದೆ, ಇನ್ನೊಂದು ಬಾಗಿಲು ಹಾಕುತ್ತದೆ. ಐದೂ ಒತ್ತಡಗಳು ಎರಡಕ್ಕೂ ಒಂದೇ. ವ್ಯತ್ಯಾಸ ಇರುವುದು ಕೈಯ ಅಂದಾಜಿನಲ್ಲಿ, ಗೂಡು ಬೇಯಿಸುವವರ ಹದದಲ್ಲಿ, ನೀರಿನಲ್ಲಿ. ಪೋರ್ಟರ್ ಇದನ್ನು ಮರೆತವರಲ್ಲ. ಉದ್ದಿಮೆಯ ಸರಾಸರಿ ಬೇರೆ, ಅದರೊಳಗೆ ಒಂದು ಸಂಸ್ಥೆ ನಿಲ್ಲುವ ಜಾಗ ಬೇರೆ ಎಂದು ಅವರೇ ಬರೆದಿದ್ದಾರೆ. ಆದರೂ ಲಾಭದ ಅಂಚು ಇಷ್ಟು ತೆಳುವಾಗಿರುವ ಕಸುಬಿನಲ್ಲಿ ಜಾಗದ ವ್ಯತ್ಯಾಸವೇ ಉದ್ದಿಮೆಯ ಸರಾಸರಿಗಿಂತ ದೊಡ್ಡದಾಗಿ ಕೂತಿರುತ್ತದೆ.

ಕೊಳ್ಳುವವರ ಕಡೆಗೆ ತಿರುಗಿದರೆ ಚೌಕಟ್ಟು ಬಹಳ ಚೆನ್ನಾಗಿ ಕೆಲಸ ಮಾಡುತ್ತದೆ, ಅದನ್ನು ಮನಸಾರೆ ಒಪ್ಪಬೇಕು. ನೂಲಿನ ಲಡಿಗಳನ್ನು ಕೊಳ್ಳುವವರು ಕೆಲವೇ ಮಂದಿ ವ್ಯಾಪಾರಿಗಳು ಮತ್ತು ಹುರಿ ಮಾಡುವವರು. ಅಲ್ಲಿಂದ ಅದು ಕಂಚಿ, ಧರ್ಮಾವರಂ, ವಾರಾಣಸಿಯ ಮಗ್ಗಗಳಿಗೆ ಹೋಗುತ್ತದೆ. ಮಿಶ್ರತಳಿ ನೂಲಿನ ಗುಣಮಟ್ಟವನ್ನು ಹೆಚ್ಚಾಗಿ ಕಣ್ಣಲ್ಲಿ ನೋಡಿ, ಕೈಯಲ್ಲಿ ಮುಟ್ಟಿ ತೀರ್ಮಾನಿಸುತ್ತಾರೆ. ಪರೀಕ್ಷೆಯಾಗಿ ಶ್ರೇಣಿ ಸಿಗದ ಕಾರಣ ಒಳ್ಳೆಯ ನೂಲು ತೆಗೆದವರಿಗೂ ಸಾಧಾರಣ ನೂಲು ತೆಗೆದವರಿಗೂ ಬೆಲೆಯಲ್ಲಿ ಸಿಗುವ ಅಂತರ ಸಣ್ಣದು. ಕೊಳ್ಳುವವರು ಕಡಿಮೆ, ಸರಕಿಗೆ ಗುರುತಿಲ್ಲ, ಮಾರುವವರಿಗೆ ಆತುರ. ಪುಸ್ತಕ ಹೇಳುವ ಮೂರೂ ಲಕ್ಷಣ ಇಲ್ಲಿವೆ, ಪುಸ್ತಕ ಹೇಳುವ ಫಲಿತಾಂಶವೂ ಇಲ್ಲಿದೆ.

ಆದರೆ ವ್ಯಾಪಾರಿಯ ಬಲ ಬೆಲೆಗಿಂತ ಹೆಚ್ಚಾಗಿ ದಿನಗಳಲ್ಲಿ ಕಾಣುತ್ತದೆ. ಗೂಡಿಗೆ ಕೊಡಬೇಕಾದ ದುಡ್ಡು ಮಾರುಕಟ್ಟೆಯಲ್ಲಿ ಅಂದಂದೇ ತೀರಬೇಕು. ನೂಲಿನ ದುಡ್ಡು ಸಾಲದ ಮೇಲೆ ಹೋಗಿ ವಾರಗಳ ನಂತರ ಬರುತ್ತದೆ. ನಮ್ಮ ಫಿಲೇಚರ್ ದಿನಕ್ಕೆ 36,400 ರೂಪಾಯಿ ಹಾಕುತ್ತದೆ. ದುಡ್ಡು ತಿರುಗಿ ಬರಲು ಕೆಲಸದ ದಿನ ಇಪ್ಪತ್ತು ಹಿಡಿದರೆ ಏಳು ಲಕ್ಷಕ್ಕೂ ಮೀರಿದ ಬಂಡವಾಳ ಸದಾ ಹೊರಗೇ ಇರುತ್ತದೆ. ಅದು ಕೈಗಡವಾದರೆ ಎರಡು ರೂಪಾಯಿ ಬಡ್ಡಿ, ತಿಂಗಳಿಗೆ 14,000. ಇಪ್ಪತ್ತೈದು ದಿನ ಕೆಲಸ ನಡೆದು ಬಂದ 20,000 ಲಾಭದಲ್ಲಿ ಆರು ಸಾವಿರ ಉಳಿಯಿತು. ಪಾವತಿ ಇಪ್ಪತ್ತರ ಬದಲು ಮೂವತ್ತು ದಿನಕ್ಕೆ ಹೋದರೆ ಅದೂ ಇಲ್ಲ. ನೂಲಿನ ಬೆಲೆ ಒಂದು ಪೈಸೆ ಇಳಿದಿಲ್ಲ, ಗೂಡಿನ ಬೆಲೆ ಏರಿಲ್ಲ, ರೆಂಡಿಟ್ಟ ಕೆಟ್ಟಿಲ್ಲ. ಆದರೂ ಘಟಕ ಮುಳುಗುತ್ತದೆ. ಕೊನೆಗೆ ಅದೇ ವ್ಯಾಪಾರಿಯ ಹತ್ತಿರ ಮುಂಗಡ ತಂದು ಗೂಡು ಕೊಳ್ಳುತ್ತಾರೆ, ನೂಲು ಅವನಿಗೇ ಕೊಡಬೇಕಾಗುತ್ತದೆ. ಐದು ಒತ್ತಡಗಳ ಚಿತ್ರದಲ್ಲಿ ಬಾಣಗಳಿವೆ, ಕ್ಯಾಲೆಂಡರ್ ಇಲ್ಲ. ಸಣ್ಣ ವ್ಯಾಪಾರಕ್ಕೆ ಆ ಚಿತ್ರವನ್ನು ಬಳಸುವ ಯಾವ ವಿದ್ಯಾರ್ಥಿಯೂ ಪ್ರತಿ ಬಾಣದ ಮೇಲೆ ದುಡ್ಡು ಕೊಡುವ ದಿನ, ಬರುವ ದಿನ ಬರೆಯಲೇಬೇಕು. ಇದು ನನ್ನ ಖಚಿತ ಅಭಿಪ್ರಾಯ.

ಬದಲಿ ಸರಕು ಎಂಬ ಡಬ್ಬಿಯಲ್ಲಿ ಏನು ಹಾಕುತ್ತೀರಿ? ಪಾಲಿಯೆಸ್ಟರ್ ಸೀರೆ ಎಂದು ಬಹುಪಾಲು ಮಂದಿ ಬರೆಯುತ್ತಾರೆ. ಅದು ನಿಜವೇ, ಆದರೆ ಅದರ ಏಟು ಮೆಲ್ಲಗೆ ತಾಗುತ್ತದೆ. ಬೇಗ ತಾಗುವುದು ಚೀನಾ ನೂಲು. ಅದರ ಎಳೆ ಸಮನಾಗಿ, ಗಟ್ಟಿಯಾಗಿ ಇರುವುದರಿಂದ ಪವರ್‌ಲೂಮಿನ ಹಾಸಿಗೆ ಅದು ಒಗ್ಗುತ್ತದೆ. ನಮ್ಮ ಮಿಶ್ರತಳಿ ನೂಲು ಹೆಚ್ಚಾಗಿ ಹೊಕ್ಕಿಗೆ ಹೋಗುತ್ತದೆ. ಹಾಗಾದರೆ ಚೀನಾ ನೂಲು ನಮಗೆ ಬದಲಿ ಸರಕೋ, ಪೈಪೋಟಿಯೋ, ಅಥವಾ ಜತೆಗಾರನೋ? ಹಾಸಿಗೆ ಚೀನಾ ನೂಲು ಅಗ್ಗವಾಗಿ ಸಿಕ್ಕು ಸೀರೆ ಹೆಚ್ಚು ನೇಯ್ದರೆ ಹೊಕ್ಕಿನ ನೂಲಿಗೂ ಬೇಡಿಕೆ ಬರಬೇಕು. ದ್ವಿತಳಿ ನೂಲು ತೆಗೆಯುವವರಿಗೆ ಅದೇ ನೂಲು ನೇರ ಎದುರಾಳಿ. ಒಬ್ಬರ ಮೂರನೆಯ ಡಬ್ಬಿ ಇನ್ನೊಬ್ಬರ ಐದನೆಯದಾಗುತ್ತದೆ. ಒಂದರ ಬೇಡಿಕೆಯನ್ನು ಇನ್ನೊಂದು ಹೆಚ್ಚಿಸುವ ಪೂರಕ ಸರಕುಗಳಿಗೆ ಈ ಚೌಕಟ್ಟಿನಲ್ಲಿ ಜಾಗವಿಲ್ಲ ಎಂಬ ಆಕ್ಷೇಪವನ್ನು 1996ರಲ್ಲಿ ಬ್ರಾಂಡೆನ್‌ಬರ್ಗರ್ ಮತ್ತು ನೇಲ್‌ಬಫ್ ಎತ್ತಿದರು. ಪೋರ್ಟರ್ ಅದನ್ನು ಆರನೆಯ ಒತ್ತಡವೆಂದು ಒಪ್ಪಲಿಲ್ಲ; ಐದರ ಮೂಲಕವೇ ಅದರ ಪರಿಣಾಮ ನೋಡಿ ಎಂದರು. ಉದ್ದಿಮೆಯ ಗಡಿಯನ್ನು ಎಲ್ಲಿ ಎಳೆಯುತ್ತೀರಿ ಎಂಬುದೇ ಇಲ್ಲಿ ಅರ್ಧ ಉತ್ತರ. ‘ರೇಷ್ಮೆ ಉದ್ದಿಮೆ’ ಎಂದು ಬರೆದರೆ ವಿಶ್ಲೇಷಣೆ ಆರಂಭದಲ್ಲೇ ದಾರಿ ತಪ್ಪುತ್ತದೆ. ‘ಕನಕಪುರ, ರಾಮನಗರ ಮಾರುಕಟ್ಟೆಗಳಲ್ಲಿ ಮಿಶ್ರತಳಿ ಗೂಡು ಕೊಂಡು ಹೊಕ್ಕಿನ ನೂಲು ತೆಗೆಯುವ ಕಾಟೇಜ್ ಬೇಸಿನ್ ಘಟಕಗಳು’ ಎಂದು ಬರೆದರೆ ಅದರಿಂದ ಏನಾದರೂ ತಿಳಿಯುತ್ತದೆ.

ಚೀನಾ ನೂಲಿನ ಮಾತು ನಮ್ಮನ್ನು ಸರ್ಕಾರದ ಹತ್ತಿರ ತರುತ್ತದೆ. 2011ರ ಕೇಂದ್ರ ಬಜೆಟ್ ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ನೂರಕ್ಕೆ 30ರಿಂದ 5ಕ್ಕೆ ಇಳಿಸಿತು. ಗೂಡಿನ ಬೆಲೆ ಕುಸಿದು ಈ ಜಿಲ್ಲೆಯ ರೈತರು ಬೀದಿಗಿಳಿದದ್ದು ಇಲ್ಲಿರುವ ಹಿರಿಯರಿಗೆ ನೆನಪಿದೆ. ನಡುವೆ ಬದಲಾಗಿ 10ಕ್ಕೆ ಬಂದು ನಿಂತಿದ್ದ ಸುಂಕವನ್ನು 2021ರ ಬಜೆಟ್ 15ಕ್ಕೆ ಏರಿಸಿತು. ಸರ್ಕಾರ ಆರನೆಯ ಶಕ್ತಿಯಲ್ಲ, ಅದರ ಪ್ರತಿ ಕ್ರಮವನ್ನೂ ಐದು ಒತ್ತಡಗಳ ಮೂಲಕ ಹಾಯಿಸಿ ನೋಡಿ ಎಂಬುದು ಪೋರ್ಟರ್ ಅವರ ಸಲಹೆ. ಸುಂಕದ ವಿಷಯದಲ್ಲಿ ಆ ಸಲಹೆ ಸರಿಯಾಗಿಯೇ ಇದೆ: ಸುಂಕ ಇಳಿದರೆ ಬದಲಿ ಸರಕಿನ ಒತ್ತಡ ಏರುತ್ತದೆ, ಅಷ್ಟೆ.

ಆದರೆ ನಮ್ಮ ಗೂಡಿನ ಮಾರುಕಟ್ಟೆ ಏನು? ರೇಷ್ಮೆ ಮೊಟ್ಟೆ, ಗೂಡು ಮತ್ತು ನೂಲಿನ ವ್ಯವಹಾರವನ್ನು ನಿಯಂತ್ರಿಸುವ ಕರ್ನಾಟಕದ ಕಾಯ್ದೆ 1959ರದು. ಆ ಕಾಯ್ದೆಯ ಅಡಿಯಲ್ಲಿ ರೀಲರ್‌ಗೆ ಪರವಾನಗಿ ಬೇಕು, ಗೂಡಿನ ಹರಾಜು ಸರ್ಕಾರಿ ಮಾರುಕಟ್ಟೆಯಲ್ಲಿ ನಡೆಯಬೇಕು, ತೂಕ ಅಲ್ಲೇ ಆಗಬೇಕು. ರೈತನ ಮನೆ ಬಾಗಿಲಿಗೆ ಬಂದು ಹೇಳಿದ ಬೆಲೆಗೆ ಗೂಡು ಎತ್ತಿಕೊಂಡು ಹೋಗುವ ದಲ್ಲಾಳಿಯ ಜಾಗವನ್ನು ಆ ವ್ಯವಸ್ಥೆ ಕಿತ್ತುಕೊಂಡಿತು. ಈಗ ಹರಾಜು ಕಂಪ್ಯೂಟರ್ ಮೂಲಕ, ಮೊಬೈಲಿನಲ್ಲಿ ಬಿಡ್ ಹಾಕುವ ರೂಪಕ್ಕೆ ಬಂದಿದೆ. ಅದರ ಜತೆಗೆ ಸರ್ಕಾರದ್ದೇ ಸಂಸ್ಥೆಯಾದ ಕೆ.ಎಸ್.ಐ.ಸಿ. ಮೈಸೂರು ರೇಷ್ಮೆ ಸೀರೆಗಾಗಿ ಗೂಡು ಕೊಳ್ಳುತ್ತದೆ, ತಿರುಮಕೂಡಲು ನರಸೀಪುರದಲ್ಲಿ ಅದರದೇ ಫಿಲೇಚರ್ ಇದೆ. ಬೆಲೆ ಬಿದ್ದಾಗ ನೂಲು ಕೊಂಡು ಹಿಡಿದು ನಿಲ್ಲಿಸಲೆಂದು 1979ರಲ್ಲಿ ರೇಷ್ಮೆ ಮಾರಾಟ ಮಂಡಳಿ ಹುಟ್ಟಿತು. ಅಂದರೆ ಒಂದೇ ಸರ್ಕಾರ ಹರಾಜು ನಡೆಸುವವನು, ಜತೆಗೆ ಬಿಡ್ ಹಾಕುವವನು, ಕೊನೆಗೆ ನೂಲು ಕೊಳ್ಳುವವನೂ ಹೌದು. ಹೊಸ ಯಂತ್ರಕ್ಕೆ ಸಹಾಯಧನ ಕೊಡುವುದೂ ಅದೇ. ಇದನ್ನು ಐದು ಡಬ್ಬಿಗೆ ಹಂಚಿಬಿಟ್ಟರೆ ಐದು ಬೇರೆ ಬೇರೆ ಸಣ್ಣ ಪರಿಣಾಮಗಳಾಗಿ ಕಾಣುತ್ತದೆ. ಅವುಗಳ ಹಿಂದೆ ಒಂದೇ ಕೈ ಇದೆ ಎಂಬುದು ಮರೆಯಾಗುತ್ತದೆ. ಈ ಸೀಮೆಯ ರೈತ, ರೀಲರ್ ಇಬ್ಬರ ಚೌಕಾಸಿಯ ಬಲವೂ ಆ ಹರಾಜು ಕಟ್ಟೆ ಇರುವುದರಿಂದ ಹುಟ್ಟಿದ್ದು. ಅಮೆರಿಕದ ಕಂಪನಿಗಳನ್ನು ಕಣ್ಣೆದುರು ಇಟ್ಟುಕೊಂಡು ಬರೆದ ಅಧ್ಯಾಯದಲ್ಲಿ ಮಾರುಕಟ್ಟೆ ಮೊದಲೇ ಇರುತ್ತದೆ. ಇಲ್ಲಿ ಅದನ್ನು ಕಾಯ್ದೆ ಕಟ್ಟಿದೆ.

ಇನ್ನು ನಾನು ಬಹಳ ಯೋಚಿಸಿ ಹೇಳುತ್ತಿರುವ ಮಾತಿಗೆ ಬರುತ್ತೇನೆ. ಪೋರ್ಟರ್ ಪ್ರಕಾರ ಕೆಲಸಗಾರರೂ ಸರಬರಾಜುದಾರರೇ, ಶ್ರಮವನ್ನು ಒದಗಿಸುವವರು. ತರ್ಕವಾಗಿ ಅದು ಸರಿ. ಸರಬರಾಜುದಾರರ ಬಲ ಕಡಿಮೆಯಾದಷ್ಟೂ ಉದ್ದಿಮೆ ಆಕರ್ಷಕ. ಈಗ ಇದನ್ನು ಬೇಸಿನ್ ಮುಂದೆ ಕೂತ ಹೆಂಗಸಿಗೆ ಅನ್ವಯಿಸಿ. ಇಡೀ ದಿನ ಬಿಸಿನೀರಿನಲ್ಲಿ ಬೆರಳಾಡಿಸಿ, ಬೆಂದ ಗೂಡಿನಿಂದ ಎಳೆಯ ತುದಿ ಹುಡುಕಿ, ಎಂಟು ಹತ್ತು ಎಳೆ ಸೇರಿಸಿ ಒಂದು ನೂಲು ಮಾಡುತ್ತಾಳೆ. ಬೆರಳ ತುದಿಯ ಚರ್ಮ ಬಿಳಿಚಿ ಸುಲಿಯುತ್ತದೆ, ಬೆಂದ ಹುಳುವಿನ ವಾಸನೆ ಬಟ್ಟೆಯಿಂದ ಹೋಗುವುದಿಲ್ಲ. ಮದುವೆಗೋ ಆಸ್ಪತ್ರೆಗೋ ಮಾಲೀಕರಿಂದ ಮುಂಗಡ ತೆಗೆದುಕೊಂಡಿದ್ದರೆ ತೀರುವವರೆಗೆ ಬೇರೆ ಕಡೆ ಹೋಗುವಂತಿಲ್ಲ. ಚೌಕಟ್ಟು ಇದನ್ನು ಹೇಗೆ ಓದುತ್ತದೆ? ‘ಸರಬರಾಜುದಾರರ ಬಲ ಕಡಿಮೆ, ಉದ್ದಿಮೆಗೆ ಅನುಕೂಲ’ ಎಂದು.

2003ರಲ್ಲಿ ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆ ಭಾರತದ ರೇಷ್ಮೆ ಉದ್ದಿಮೆಯಲ್ಲಿನ ಬಾಲ ಜೀತದ ಬಗ್ಗೆ ವರದಿ ಪ್ರಕಟಿಸಿತು. ಕರ್ನಾಟಕದ ನೂಲು ಬಿಚ್ಚುವ, ಹುರಿ ಮಾಡುವ ಘಟಕಗಳಲ್ಲಿ ಮುಂಗಡಕ್ಕೆ ಕಟ್ಟುಬಿದ್ದು ದುಡಿಯುತ್ತಿದ್ದ ಮಕ್ಕಳ ಕಥೆ ಅದರಲ್ಲಿದೆ. ಆ ದಿನಗಳಲ್ಲಿ ಯಾರಾದರೂ ಐದು ಒತ್ತಡಗಳ ವರದಿ ಬರೆದಿದ್ದರೆ ಕೂಲಿಯ ಖರ್ಚು ಕಡಿಮೆ ಎಂಬ ಸಾಲು ಲಾಭದ ಕಡೆಗೆ ಹೋಗಿರುತ್ತಿತ್ತು. ಲೆಕ್ಕ ಸರಿಯೇ ಇರುತ್ತಿತ್ತು. ಚೌಕಟ್ಟು ಮಾಲೀಕರ ಕುರ್ಚಿಯಲ್ಲಿ ಕೂತು ನೋಡಲೆಂದು ಮಾಡಿದ್ದು; ಬೇರೆ ಕುರ್ಚಿಯಿಂದ ಕಾಣುವುದನ್ನು ತೋರಿಸುತ್ತೇನೆ ಎಂದು ಅದು ಎಲ್ಲೂ ಹೇಳಿಲ್ಲ. ಅದನ್ನು ತರಗತಿಯಲ್ಲಿ ಹೇಳಿಕೊಡುವ ನಾವು ಈ ಮಾತನ್ನು ಸೇರಿಸಿ ಹೇಳಬೇಕು. ಪ್ರಾಜೆಕ್ಟ್ ಮಾಡುವ ವಿದ್ಯಾರ್ಥಿ ಅದೇ ಐದು ಡಬ್ಬಿಯನ್ನು ಎರಡನೆಯ ಬಾರಿ, ಬೇಸಿನ್ ಕೆಲಸಗಾರ್ತಿಯ ಕಡೆಯಿಂದ ತುಂಬಲಿ. ಅವಳ ಸರಕು ಅವಳ ಶ್ರಮ, ಕೊಳ್ಳುವವರು ಊರಿನ ಹತ್ತಾರು ಫಿಲೇಚರ್‌ಗಳು, ಹೊಸ ದಾರಿ ಹಾರೋಹಳ್ಳಿಯ ಕೈಗಾರಿಕಾ ಪ್ರದೇಶಕ್ಕೆ ಹೋಗುವ ಬಸ್ಸು, ಬದಲಿ ಎಂದರೆ ಸ್ವಯಂಚಾಲಿತ ಯಂತ್ರ. ಇದೇ ಉದ್ದಿಮೆಯ ಬೇರೆಯೇ ಚಿತ್ರ ಮೂಡುತ್ತದೆ. ‘ಕೆಲಸಗಾರರು ಸಿಗುತ್ತಿಲ್ಲ’ ಎಂದು ಮಾಲೀಕರು ಈಗ ಏಕೆ ಹೇಳುತ್ತಿದ್ದಾರೆ ಎಂಬುದೂ ಆಗ ಅರ್ಥವಾಗುತ್ತದೆ.

ಚೌಕಟ್ಟನ್ನು ಬಿಸಾಡಿ ಎಂದು ನಾನು ಹೇಳುತ್ತಿಲ್ಲ. ಅದು ನಿಜಕ್ಕೂ ಉಪಯೋಗಕ್ಕೆ ಬರುವ ಒಂದು ಜಾಗವಿದೆ, ಹೊಸ ಬಂಡವಾಳ ಹಾಕುವ ತೀರ್ಮಾನ. ನಮ್ಮ ಫಿಲೇಚರ್ ಮಾಲೀಕರು ಹಳೆಯ ಬೇಸಿನ್ ಬಿಟ್ಟು ಮಲ್ಟಿ ಎಂಡ್ ಯಂತ್ರ ಹಾಕಿ, ದ್ವಿತಳಿ ಗೂಡಿಗೆ ಬದಲಾಯಿಸಬೇಕೆ ಎಂದು ಯೋಚಿಸುತ್ತಿದ್ದಾರೆ ಎನ್ನೋಣ. ಸಹಾಯಧನ ಇದೆ, ಸಾಲ ಸಿಗುತ್ತದೆ. ಕಾಗದದ ಮೇಲಿನ ಲೆಕ್ಕ ಆಸೆ ಹುಟ್ಟಿಸುತ್ತದೆ. ದ್ವಿತಳಿಯ ರೆಂಡಿಟ್ಟ ಆರೂವರೆ, ಗೂಡು ಕೆ.ಜಿ.ಗೆ 650, ಅಲ್ಲಿಗೆ 4,225. ಬಿಚ್ಚುವ ಖರ್ಚು 750. ನೂಲು 5,100, ಹುಳು ಮತ್ತು ವೇಸ್ಟಿಗೆ 150. ಉಳಿತಾಯ ಕೆ.ಜಿ.ಗೆ 275. ನೂರಿದ್ದದ್ದು ಎರಡೂ ಮುಕ್ಕಾಲು ಪಟ್ಟು.

ಈಗ ಐದು ಒತ್ತಡಗಳನ್ನು ಕೇಳಿ. ಈ 275 ಎಷ್ಟು ದಿನ ಉಳಿಯುತ್ತದೆ? ಅದೇ ಸಹಾಯಧನ ಪಕ್ಕದವರಿಗೂ ಸಿಗುತ್ತದೆ, ಹೊಸಬರಿಗೂ ಸಿಗುತ್ತದೆ. ಹೊಸದಾಗಿ ಬರುವವರು ಇನ್ನೊಂದು ಹತ್ತು ಬೇಸಿನ್ನಿನವರಲ್ಲ. ಕೋಟಿಗೂ ಮೀರಿದ ಬಂಡವಾಳದ ಸ್ವಯಂಚಾಲಿತ ಯಂತ್ರದವರು, ದಿನಕ್ಕೆ ನೂರಾರು ಕೆ.ಜಿ. ದ್ವಿತಳಿ ಗೂಡು ಬೇಕಾದವರು. ಅಷ್ಟು ದುಡ್ಡು ಹೂಡಿದ ಮೇಲೆ ಅವರು ಯಂತ್ರ ನಿಲ್ಲಿಸಲಾರರು, ಹರಾಜಿನಲ್ಲಿ ಬೆಲೆ ಏರಿಸಿಯಾದರೂ ಲಾಟ್ ಹಿಡಿಯುತ್ತಾರೆ. ದ್ವಿತಳಿ ಗೂಡಿನ ಆವಕವಾದರೋ ಯಂತ್ರಗಳ ಸಂಖ್ಯೆ ಏರಿದಷ್ಟು ಬೇಗ ಏರುವುದಿಲ್ಲ, ಏಕೆಂದರೆ ಆ ಹುಳು ಶಾಖ, ತೇವ, ರೋಗಕ್ಕೆ ಬೇಗ ಸೋಲುತ್ತದೆ, ಎಲ್ಲ ರೈತರೂ ಎಲ್ಲ ಕಾಲದಲ್ಲೂ ಅದನ್ನು ಸಾಕಲಾರರು. ಗೂಡಿನ ಬೆಲೆ ಕೆ.ಜಿ.ಗೆ 40 ರೂಪಾಯಿ ಏರಿದರೆ ಸಾಕು, ನೂಲಿನ ಖರ್ಚು 260 ಏರಿ 275 ಹೆಚ್ಚುಕಡಿಮೆ ಮುಗಿಯಿತು. ಸಹಾಯಧನದ ಲಾಭ ಹರಾಜು ಕಟ್ಟೆಯಲ್ಲಿ ಗೂಡಿನ ಬೆಲೆಯಾಗಿ ರೈತನಿಗೆ ಹೋಗುತ್ತದೆ. ರೈತನಿಗೆ ಅದು ಒಳ್ಳೆಯದೇ, ನನಗೆ ಸಂತೋಷವೇ. ಯಂತ್ರದ ಸಾಲದ ಕಂತು ಮಾತ್ರ ರೀಲರ್ ಹೆಸರಿನಲ್ಲೇ ಇರುತ್ತದೆ. ಯಾವ ಯೋಜನಾ ವರದಿಯಲ್ಲೂ ಸಾಮಾನ್ಯವಾಗಿ ಬರೆಯದ ಈ ಮಾತನ್ನು ಪೋರ್ಟರ್ ಅವರ ಅಧ್ಯಾಯ ಓದಿದ ವಿದ್ಯಾರ್ಥಿ ಬರೆಯಬಲ್ಲ.

ಆದರೂ ಕೊನೆಯ ತೀರ್ಮಾನವನ್ನು ಅಧ್ಯಾಯ ಹೇಳಿಕೊಡುವುದಿಲ್ಲ. ಫಿಲೇಚರಿನಲ್ಲಿ ಗೂಡು ಬೇಯಿಸುವವರು ಮಾಲೀಕರ ಹೆಂಡತಿ, ಬೆಳಿಗ್ಗೆ ಮಾರುಕಟ್ಟೆಗೆ ಹೋಗುವವರು ಮಾಲೀಕರೇ. ಇವರಿಬ್ಬರಿಗೂ ಕೂಲಿ ಲೆಕ್ಕ ಹಾಕಿದರೆ ನಮ್ಮ ಆರು ಸಾವಿರದ ಉಳಿತಾಯ ಎಂದೋ ನಷ್ಟವಾಗಿದೆ. ಪುಸ್ತಕದ ಅರ್ಥದಲ್ಲಿ ಈ ಘಟಕ ಮುಚ್ಚಬೇಕು. ಅದು ಮುಚ್ಚುವುದಿಲ್ಲ; ಆ ಮನೆಯವರ ಕೂಲಿಯೇ ಅಲ್ಲಿ ಲಾಭವೆಂಬ ಹೆಸರಿನಲ್ಲಿ ಬರುತ್ತಿದೆ. ಇಂಥ ನೂರಾರು ಘಟಕಗಳು ಮುಚ್ಚದೆ ಉಳಿದು ಹರಾಜಿನಲ್ಲಿ ಬಿಡ್ ಹಾಕುತ್ತಿರುವುದರಿಂದಲೇ ಯಂತ್ರ ಹಾಕಿದವರಿಗೂ ಗೂಡು ಅಗ್ಗವಾಗಿ ಸಿಗುವುದಿಲ್ಲ. ಹೊರಹೋಗಲು ಇರುವ ಅಡ್ಡಿಗಳು ಎಂದು ಪೋರ್ಟರ್ ಇದನ್ನು ಒಂದು ಕಡೆ ಮುಟ್ಟುತ್ತಾರೆ. ಅವರ ಪಟ್ಟಿಯಲ್ಲಿ ಮಾರಲಾಗದ ಯಂತ್ರ, ಬಿಡಲಾಗದ ಒಪ್ಪಂದದಂಥವು ಇವೆ. ಬೇರೆ ಕೆಲಸ ಗೊತ್ತಿಲ್ಲದ ಐವತ್ತು ವರ್ಷದ ದಂಪತಿಯನ್ನು ಆ ಪಟ್ಟಿಗೆ ನಾವೇ ಸೇರಿಸಿಕೊಳ್ಳಬೇಕು.

ಮಾಲೀಕರು ನನ್ನನ್ನು ಕೇಳಿದರೆ ಯಂತ್ರಕ್ಕಿಂತ ಮೊದಲು ಎರಡು ಕೆಲಸ ಹೇಳುತ್ತೇನೆ. ಬೀದಿಯ ನಾಲ್ಕೈದು ಫಿಲೇಚರಿನವರು ಸೇರಿ ಒಂದು ಬಿಸಿಗಾಳಿ ಡ್ರೈಯರ್ ಹಾಕಿಕೊಳ್ಳಲಿ. ಆವಕ ಹೆಚ್ಚಿದ ದಿನ ಕೊಂಡು ಒಣಗಿಸಿಟ್ಟರೆ ಆವಕ ಕಡಿಮೆಯಾದ ದಿನ ರೈತನ ಎದುರು ಆತುರ ಪಡಬೇಕಿಲ್ಲ. ಕೈಗಡದ ಎರಡು ರೂಪಾಯಿ ಬಡ್ಡಿಯ ಏಳು ಲಕ್ಷವನ್ನು ಬ್ಯಾಂಕಿನ ದುಡಿಯುವ ಬಂಡವಾಳದ ಸಾಲಕ್ಕೆ ಬದಲಾಯಿಸಿಕೊಳ್ಳಲಿ. ತಿಂಗಳಿಗೆ ಒಂದು ರೂಪಾಯಿ ಬಡ್ಡಿಗೆ ಇಳಿದರೂ ಏಳು ಸಾವಿರ ಉಳಿಯುತ್ತದೆ, ಈಗಿನ ಇಡೀ ಉಳಿತಾಯಕ್ಕಿಂತ ಅದು ಹೆಚ್ಚು. ಯಂತ್ರದ ಮಾತನ್ನು ಅದಾದ ಮೇಲೆ, ಆ ವರ್ಷದ ದ್ವಿತಳಿ ಆವಕ ನೋಡಿಕೊಂಡು ಎತ್ತಬಹುದು.